ಇಪ್ಪತ್ಮೂರನೇ ಪ್ರಶ್ನೆಯ ಎರಡು ಅಂಕ

ಅವರನ್ನ ನಾವೆಲ್ಲ 'ಯಾಕೆ ಮಿಸ್' ಅಂತಲೇ ಕರೆಯೋದು. ಮೂವತ್ನಾಲ್ಕು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದ ಹೆಂಗಸು. ಮಕ್ಕಳು ಸರಿ ಉತ್ತರ ಹೇಳಿದರೂ ಬಿಡುತ್ತಿರಲಿಲ್ಲ. 'ಸರಿ. ಯಾಕೆ?' ಅನ್ನೋರು. ತಪ್ಪು ಹೇಳಿದರೂ ಅದೇ, 'ಯಾಕೆ ಹಾಗನ್ನಿಸ್ತು?' ಸ್ಟಾಫ್ ರೂಮಿನಲ್ಲಿ ಕಾಫಿ ಆರಿಹೋಗಿದೆ ಅಂದರೂ ಯಾಕೆ ಅನ್ನೋರು. ಮದುವೆ ಆಗಿರಲಿಲ್ಲ. ಯಾಕೆ ಅಂತ ಅವರನ್ನ ಕೇಳುವ ಧೈರ್ಯ ಮಾತ್ರ ಯಾರಿಗೂ ಬಂದಿರಲಿಲ್ಲ.

ನನಗೂ ಒಂದು ಅಡ್ಡಹೆಸರಿದೆ, ಪಟಾಕಿ. ಬತ್ತಿ ಇಡೋದೇ ಬೇಡ, ಪಕ್ಕದಲ್ಲಿ ಕೂತರೆ ಸಾಕು ಅಂತಾರೆ. ಇರಲಿ. ಹದಿನಾಲ್ಕು ವರ್ಷದಿಂದ ಅವರ ಶಾಲೆಯಲ್ಲೇ, ಅವರದೇ ವಿಷಯ ಹೇಳಿಕೊಡುತ್ತಿದ್ದೆ. ಅವರಿಗೆ ನಾನು 'ಏನೇ', ನನಗೆ ಅವರು 'ಮಿಸ್'.

ಇಷ್ಟು ಹೇಳಿದ ಮೇಲೆ ಆ ಮೂರನೇ ದಿನಕ್ಕೆ ಬರುತ್ತೇನೆ. ಹತ್ತನೇ ತರಗತಿಯ ಉತ್ತರಪತ್ರಿಕೆ ತಿದ್ದುವ ಶಿಬಿರ ನಡೀತಿತ್ತು. ಒಂದು ಶಾಲೆಯ ದೊಡ್ಡ ಹಾಲು, ಹದಿನಾರು ಟೇಬಲ್ಲು, ಟೇಬಲ್ಲಿಗೆ ಆರು ಜನ. ಆ ಆರು ಜನರ ಮೇಲೆ ಒಬ್ಬರು ಹಿರಿಯರು. ನಾವು ತಿದ್ದಿದ ಪ್ರತಿ ಹತ್ತು ಪೇಪರಿನಲ್ಲಿ ಒಂದನ್ನ ಎತ್ತಿಕೊಂಡು ಮತ್ತೆ ನೋಡೋದು ಅವರ ಕೆಲಸ. ನಮ್ಮ ಟೇಬಲ್ಲಿಗೆ ಯಾಕೆ ಮಿಸ್ಸೇ ಹಿರಿಯರು. ಪೇಪರಿನ ಮೇಲೆ ಹೆಸರಿರಲ್ಲ, ಊರಿರಲ್ಲ, ಒಂದು ಕೋಡ್ ನಂಬರ್ ಅಷ್ಟೇ. ಫ್ಯಾನಿದ್ದವು, ಆದರೆ ಪೇಪರ್ ಹಾರುತ್ತವೆ ಅಂತ ಅವನ್ನ ಅರ್ಧಂಬರ್ಧ ತಿರುಗಿಸುತ್ತಿದ್ದರು. ಪ್ಲಾಸ್ಟಿಕ್ ಕುರ್ಚಿ ಬೆನ್ನಿಗೆ ಅಂಟಿಕೊಂಡು ಎದ್ದಾಗಲೆಲ್ಲ ಚರಕ್ ಅನ್ನೋದು. ಬೆಳಗಿಂದ ಸಂಜೆ ತನಕ ಒಂದೇ ಪ್ರಶ್ನೆಗೆ ಅದೇ ಉತ್ತರ, ಅದೇ ತಪ್ಪು. ನೇರ ತೆರಿಗೆ ಅಂದರೇನು? 'ನೇರವಾಗಿ ಮನೆಗೆ ಬಂದು ಕೇಳುವ ತೆರಿಗೆ.' ಇಂಥದ್ದನ್ನ ನೂರು ಸಲ ಓದಿ ನೋಡಿ, ನಗೋಕೂ ತ್ರಾಣ ಉಳಿಯಲ್ಲ.

ಟೇಬಲ್ಲಿನಲ್ಲಿ ಯಾರಿಗೆ ಅನುಮಾನ ಬಂದರೂ ಮಿಸ್ ಕಡೆ ತಿರುಗೋದು. ನಮ್ಮೆದುರಿಗೆ ಒಬ್ಬರು ಮೀಸೆ ಮೇಷ್ಟ್ರು ಇದ್ದರು. ಆವತ್ತು ಬೆಳಿಗ್ಗೆ ಒಂದು ಪೇಪರ್ ಎತ್ತಿ, 'ನೋಡಿ ಮಿಸ್, ಈ ಮಗು ಬರೆದಿರೋದು ಅಕ್ಷರಶಃ ಸತ್ಯ. ಸಂಬಳ ಜಾಸ್ತಿಯಾಗಿ ಮೇಲಿನ ತೆರಿಗೆ ಹಂತಕ್ಕೆ ಹೋದರೆ ಕೈಗೆ ಬರೋದು ಕಮ್ಮಿಯಾಗುತ್ತಂತೆ. ನನಗೂ ಅದೇ ಭಯ. ಈ ಸಲದ ಇನ್‌ಕ್ರಿಮೆಂಟ್ ಬೇಡ ಅಂತ ಬರೆದುಕೊಡೋಣ ಅಂತಿದ್ದೀನಿ' ಅಂದರು.

'ಅಯ್ಯೋ ಪುಣ್ಯಾತ್ಮ,' ಅಂದರು ಮಿಸ್. ಹಾಳೆಯೊಂದನ್ನ ಎಳೆದುಕೊಂಡರು. 'ಮೊದಲ ಎರಡು ಲಕ್ಷಕ್ಕೆ ತೆರಿಗೆ ಇಲ್ಲ ಅಂತಿಟ್ಟುಕೊಳ್ಳಿ. ಮುಂದಿನ ಎರಡು ಲಕ್ಷಕ್ಕೆ ನೂರಕ್ಕೆ ಹತ್ತು. ಅದರ ಮೇಲೆ ನೂರಕ್ಕೆ ಇಪ್ಪತ್ತು. ನಿಮ್ಮ ಆದಾಯ ಐದು ಲಕ್ಷ. ಎಷ್ಟು ಕಟ್ಟುತ್ತೀರ?'

'ಐದು ಲಕ್ಷಕ್ಕೆ ಇಪ್ಪತ್ತರ ಹಾಗೆ ಒಂದು ಲಕ್ಷ.'

'ಯಾಕೆ? ಇಪ್ಪತ್ತರ ದರ ಇರೋದು ನಾಲ್ಕು ಲಕ್ಷ ದಾಟಿದ ದುಡ್ಡಿಗೆ ಮಾತ್ರ. ಮೊದಲನೇ ಎರಡು ಲಕ್ಷಕ್ಕೆ ಸೊನ್ನೆ. ಎರಡನೇದಕ್ಕೆ ಇಪ್ಪತ್ತು ಸಾವಿರ. ದಾಟಿದ ಒಂದು ಲಕ್ಷಕ್ಕೆ ಇಪ್ಪತ್ತು ಸಾವಿರ. ಒಟ್ಟು ನಲವತ್ತು ಸಾವಿರ. ಹಂತ ಹತ್ತಿದರೂ ಕೆಳಗಿನ ದುಡ್ಡಿನ ದರ ಬದಲಾಗಲ್ಲ. ಸುಮ್ಮನೆ ಇನ್‌ಕ್ರಿಮೆಂಟ್ ತಗೊಳ್ಳಿ.'

ಮೀಸೆ ಮೇಷ್ಟ್ರು ಬೆಪ್ಪಾದರು. ನಾವೆಲ್ಲ ನಕ್ಕೆವು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ, ಅದನ್ನ ನೆನೆಸಿಕೊಂಡರೆ ಈಗ ಮುಖ ಬಿಸಿಯಾಗುತ್ತೆ.

ಮಿಸ್ ನಿವೃತ್ತಿಗೆ ಇನ್ನು ಇಪ್ಪತ್ಮೂರು ದಿನ ಇತ್ತು. ಮನೆಯಲ್ಲಿ ಅವರ ಅಕ್ಕ ಒಬ್ಬರು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು ಸ್ವಾಧೀನ ಇರಲಿಲ್ಲ. ಆ ಅಕ್ಕನ ಔಷಧಿ, ನೋಡಿಕೊಳ್ಳೋಕೆ ಬರುವ ಹೆಂಗಸಿನ ಸಂಬಳ, ಎಲ್ಲ ಮಿಸ್ ದುಡಿಮೆಯಲ್ಲೇ. ಪಿಂಚಣಿ ಕಾಗದಗಳು ಕಚೇರಿಗೆ ಹೋಗಿದ್ದವು. ಮೂವತ್ನಾಲ್ಕು ವರ್ಷದ ಸೇವಾ ಪುಸ್ತಕದಲ್ಲಿ ಒಂದು ಕಪ್ಪುಚುಕ್ಕೆ ಇಲ್ಲ, ಹಾಗಾಗಿ ತಡ ಆಗಲ್ಲ ಅಂತ ಗುಮಾಸ್ತರು ಹೇಳಿದ್ದರಂತೆ. ಅದನ್ನ ಅವರು ನನಗೆ ಎರಡು ಸಲ ಹೇಳಿದ್ದರು. ಒಂದೇ ಮಾತನ್ನ ಎರಡು ಸಲ ಹೇಳುವ ಹೆಂಗಸಲ್ಲ ಅವರು.

ಆವತ್ತು ಮಧ್ಯಾಹ್ನ ಊಟ ಆಗಿ ಕಣ್ಣು ಎಳೀತಿತ್ತು. ಮಿಸ್ ಬಂದು ಒಂದು ಪೇಪರನ್ನ ನನ್ನ ಮುಂದೆ ಇಟ್ಟರು. ನಾನೇ ತಿದ್ದಿದ್ದು. ಇಪ್ಪತ್ಮೂರನೇ ಪ್ರಶ್ನೆ, ಎರಡು ಅಂಕದ್ದು: 'ಒಂದು ದೇಶದ ಹಣದುಬ್ಬರದ ದರ ಶೇಕಡ ಎಂಟರಿಂದ ಐದಕ್ಕೆ ಇಳಿದರೆ ಬೆಲೆಗಳು ಏನಾಗುತ್ತವೆ? ಕಾರಣ ಕೊಡಿ.' ನಾನು ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಿದ್ದೆ.

'ಯಾಕೆ ಸೊನ್ನೆ?'

'ಉತ್ತರ ತಪ್ಪು ಮಿಸ್. ಮಾದರಿ ಉತ್ತರದಲ್ಲಿ ಏನಿದೆ? ಬೆಲೆಗಳು ಇಳಿಯುತ್ತವೆ, ಜನರ ಕೊಳ್ಳುವ ಶಕ್ತಿ ಹೆಚ್ಚುತ್ತದೆ. ಈ ಆಸಾಮಿ ಏರುತ್ತವೆ ಅಂತ ಬರೆದಿದೆ.'

'ಪೂರ್ತಿ ಓದಿದ್ಯಾ?'

ಓದಿರಲಿಲ್ಲ. ಮೊದಲ ಸಾಲು ನೋಡಿ ಸೊನ್ನೆ ಹಾಕಿ ಮುಂದೆ ಹೋಗಿದ್ದೆ. ಹೊತ್ತಿಗೆ ಇಪ್ಪತ್ತು ಪೇಪರ್ ಮುಗಿಸಬೇಕು, ನನ್ನದೇನು ಕಲ್ಲಿನ ಕಣ್ಣಾ?

'ಓದು. ಜೋರಾಗಿ.'

ಸಿಟ್ಟಿನಲ್ಲೇ ಓದಿದೆ. ಅಕ್ಷರ ದಪ್ಪದಪ್ಪ, ಬಹಳ ವರ್ಷ ಪೆನ್ನು ಹಿಡಿಯದೆ ಈಗ ಹಿಡಿದ ಕೈ ಅದು. ಕೆಲಸ ಮಾಡಿಕೊಂಡು ಮನೆಯಲ್ಲೇ ಓದಿ ಪರೀಕ್ಷೆಗೆ ಕೂರುವವರ ಬಂಡಲ್ಲಿನ ಪೇಪರು. ಹೀಗೆ ಬರೆದಿತ್ತು: 'ಬೆಲೆ ಇಳಿಯುವುದಿಲ್ಲ. ನಾನು ಬಟ್ಟೆ ಒಗೆಯುವ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ನೂರು ರೂಪಾಯಿಯ ಸೋಪಿನ ಪುಡಿ ಶೇಕಡ ಎಂಟರಂತೆ ಏರಿದರೆ ನೂರ ಎಂಟು. ಮರುವರ್ಷ ಶೇಕಡ ಐದರಂತೆ ಏರಿದರೆ ನೂರ ಹದಿಮೂರು ರೂಪಾಯಿ ನಲವತ್ತು ಪೈಸೆ. ದರ ಇಳಿದರೂ ಬೆಲೆ ಏರಿತು. ಏರುವ ಆತುರ ಮಾತ್ರ ಕಡಿಮೆಯಾಯಿತು.'

ಓದಿ ಮುಗಿಸಿದೆ. ಮೀಸೆ ಮೇಷ್ಟ್ರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು.

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನೂರ ಎಂಟಕ್ಕೆ ಶೇಕಡ ಐದು ಅಂದರೆ ಐದು ನಲವತ್ತು. ಕೂಡಿದರೆ ನೂರ ಹದಿಮೂರು ನಲವತ್ತು. ಸರಿಯಾಗೇ ಇದೆ. ಅಯ್ಯೋ ದೇವರೇ, ಸರಿಯಾಗೇ ಇದೆ. ದರ ಅಂದರೆ ಬೆಲೆ ಏರುವ ವೇಗ. ವೇಗ ತಗ್ಗಿದ ಮಾತ್ರಕ್ಕೆ ಬೆಲೆ ಹಿಂದಕ್ಕೆ ನಡೆಯಲ್ಲ. ಬೆಲೆಗಳು ನಿಜವಾಗಿ ಇಳಿಯಬೇಕಾದರೆ ದರ ಸೊನ್ನೆಗಿಂತಲೂ ಕೆಳಗೆ ಹೋಗಬೇಕು. ಇಷ್ಟೇ ವಿಷಯ. ನಮ್ಮ ಅತ್ತೆ ದಿನಾ ಟೀವಿ ಮುಂದೆ ಕೂತು, 'ಹಣದುಬ್ಬರ ಇಳೀತು ಅಂತಾನಲ್ಲ ಇವನು, ನಮ್ಮ ಅಂಗಡಿಯವನಿಗೆ ಯಾರೂ ಹೇಳೇ ಇಲ್ವೇನೋ' ಅನ್ನೋರು. 'ನಿಮಗೆ ಇದೆಲ್ಲ ಅರ್ಥ ಆಗಲ್ಲ ಬಿಡಿ ಅತ್ತೆ' ಅಂತ ನಾನು ಬಾಯಿ ಮುಚ್ಚಿಸುತ್ತಿದ್ದೆ.

'ಒಟ್ಟು ಅಂಕ ನೋಡು,' ಅಂದರು ಮಿಸ್.

ಮೂವತ್ಮೂರು. ಪಾಸಾಗೋಕೆ ಮೂವತ್ತೈದು ಬೇಕು.

ಈಗ ನಿಜ ಹೇಳಿಬಿಡುತ್ತೇನೆ. ಆ ಮಾದರಿ ಉತ್ತರ ಬರೆದವಳು ನಾನೇ. ಪರೀಕ್ಷೆಯಾದ ಮಾರನೇ ವಾರ ಐದು ಜನ ಕೂತು ಒಂದೇ ದಿನದಲ್ಲಿ ಎಲ್ಲ ಪ್ರಶ್ನೆಗೂ ಉತ್ತರ ಬರೆದು ಕೊಡಬೇಕಿತ್ತು. ಅರ್ಥಶಾಸ್ತ್ರದ ಭಾಗ ನನ್ನ ಪಾಲಿಗೆ ಬಂತು. ಮಿಸ್ ಆ ಸಮಿತಿಯ ಮುಖ್ಯಸ್ಥೆ. ಒಂದೊಂದು ಉತ್ತರವನ್ನೂ ಓದಿಸಿ, ಯಾಕೆ ಅಂತ ಕೇಳಿ, ಆಮೇಲೆ ಪುಟದ ಕೆಳಗೆ ಸಹಿ ಹಾಕುವುದು ಅವರ ಪದ್ಧತಿ. ಇಪ್ಪತ್ತೊಂದನೇ ಪ್ರಶ್ನೆಯ ತನಕ ಹಾಗೇ ಆಯ್ತು. ಅಷ್ಟರಲ್ಲಿ ಮನೆಯಿಂದ ಫೋನು: ಅಕ್ಕ ಬಚ್ಚಲಲ್ಲಿ ಬಿದ್ದಿದ್ದಾರೆ. ಮಿಸ್ ಬ್ಯಾಗು ಎತ್ತಿಕೊಂಡರು. 'ಉಳಿದದ್ದನ್ನ ನೀನು ನೋಡಿದ್ದೀಯಲ್ಲ?' ಅಂದರು. 'ನೋಡಿದ್ದೀನಿ, ನೀವು ಹೊರಡಿ ಮಿಸ್' ಅಂದೆ. ಟೈಪಾಗಿ ಬಂದಿದ್ದ ಉಳಿದ ಆರು ಪುಟಕ್ಕೆ ನಿಂತಲ್ಲೇ ಸಹಿ ಹಾಕಿ ಓಡಿದರು. ಅವರು ಓದದೆ ಸಹಿ ಹಾಕಿದ್ದು ಜೀವಮಾನದಲ್ಲಿ ಅದೊಂದೇ ಸಲ. ನನ್ನ ಕೈಬರಹದ ಹಾಳೆಗಳನ್ನ ಟೈಪಾದ ಮೇಲೆ ಹರಿದು ಹಾಕಿದ್ದರು. ಟೈಪಾದ ಪ್ರತಿಯಲ್ಲಿ ಇರೋದು ಅವರ ಸಹಿ ಒಂದೇ.

ನಾನು ಅವಸರದಲ್ಲಿ ತಪ್ಪು ಬರೆದೆ ಅಂದುಕೊಳ್ಳಬೇಡಿ. ಅವಸರದ್ದಾಗಿದ್ದರೆ ಇಷ್ಟು ಸಂಕಟ ಇರುತ್ತಿರಲಿಲ್ಲ. ನಾನು ಅದನ್ನೇ ನಂಬಿದ್ದೆ. ಹದಿನಾಲ್ಕು ವರ್ಷ ಮಕ್ಕಳಿಗೆ ಅದನ್ನೇ ಹೇಳಿಕೊಟ್ಟಿದ್ದೆ.

ಶಿಬಿರದ ಮುಖ್ಯಸ್ಥರ ಹತ್ತಿರ ಹೋದೆವು. ಅವರನ್ನ ನಾವು ಸಾಹೇಬರು ಅನ್ನೋದು. ವೇದಿಕೆಯ ಮೂಲೆಯಲ್ಲಿ ಒಂದು ಮೇಜು, ಅದರ ತುಂಬ ಬಂಡಲ್ ಕಟ್ಟುವ ದಾರ, ಅರಗು. ಮಿಸ್ ಹೇಳಿದ್ದನ್ನ ಕೇಳಿ ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

'ಮೇಡಂ, ಈ ಒಂದು ಪೇಪರಿಗೆ ಎರಡು ಅಂಕ ಹಾಕಿಬಿಡಿ. ಎಲ್ಲಾದರೂ ಹೊಂದಿಸಿ. ನಕ್ಷೆಗೋ ಗಿಕ್ಷೆಗೋ. ಮುಗೀತಲ್ಲ.'

'ಉಳಿದವರಿಗೆ?'

'ಉಳಿದವರು ಯಾರು?'

'ಇದೇ ಉತ್ತರ ಬರೆದು ಸೊನ್ನೆ ತಗೊಂಡವರು. ಮೂರು ದಿನದಿಂದ ಈ ಹಾಲಿನಲ್ಲಿ ಎಷ್ಟು ಜನಕ್ಕೆ ಸುತ್ತಿದ್ದೀವೋ. ನಾನೂ ಗಮನಿಸಿದ್ದು ಇವತ್ತೇ. ಬೇರೆ ಶಿಬಿರಗಳಿಗೂ ಹೋಗಿರೋದು ಇದೇ ಮಾದರಿ ಉತ್ತರ.'

ಸಾಹೇಬರು ಕನ್ನಡಕ ಮತ್ತೆ ಹಾಕಿಕೊಂಡರು. ಕೆಟ್ಟವರಲ್ಲ ಅವರು. ಮಿಸ್ ಮೇಲೆ ಅವರಿಗೆ ಗೌರವವೂ ಇತ್ತು. ಮೆತ್ತಗೆ ಹೇಳಿದರು, 'ಮಾದರಿ ಉತ್ತರ ಇಲ್ಲಿ ಬದಲಾಯಿಸೋಕೆ ನನಗೆ ಅಧಿಕಾರ ಇಲ್ಲ. ಪರೀಕ್ಷಾ ಮಂಡಳಿಗೆ ಬರೀಬೇಕು. ಅದಕ್ಕೊಂದು ನಮೂನೆ ಇದೆ. ಅದರ ಕೊನೇ ಕಲಂ ಏನು ಗೊತ್ತಲ್ಲ? ತಪ್ಪಿಗೆ ಹೊಣೆಗಾರರು ಯಾರು ಅಂತ. ನಿಮಗೆ ಇರೋದು ಇಪ್ಪತ್ಮೂರು ದಿನ. ವಿಚಾರಣೆ ಅಂತ ಶುರುವಾದರೆ ಪಿಂಚಣಿ ಕಾಗದ ಅಲ್ಲೇ ಕೂರುತ್ತೆ. ಯೋಚನೆ ಮಾಡಿ. ನಾನು ಏನೂ ಕೇಳಿಸಿಕೊಂಡಿಲ್ಲ ಅಂದುಕೊಳ್ತೀನಿ.'

ಮಿಸ್ ಅಲ್ಲೇ ಇದ್ದ ಬೆಂಚಿನ ಮೇಲೆ ಕೂತರು. ಮಂಡಿನೋವಿಗೆ ಹಾಕುವ ಪಟ್ಟಿಯನ್ನ ಸೀರೆಯ ಮೇಲಿಂದಲೇ ಒತ್ತಿಕೊಂಡರು. ಆಗ ಅವರ ಮುಖದಲ್ಲಿ ಕಂಡ ದಣಿವು ಆ ಮೂರು ದಿನದ್ದಲ್ಲ.

ನಾನು ಬೇಡಿಕೊಂಡೆ. ನಾಚಿಕೆಯಿಲ್ಲದೆ ಬೇಡಿಕೊಂಡೆ. 'ಬಿಡಿ ಮಿಸ್. ಆ ಪೇಪರಿಗೆ ಎರಡು ಅಂಕ ಕೊಟ್ಟು ಸುಮ್ಮನಾಗೋಣ. ಅಕ್ಕನ್ನ ನೆನೆಸಿಕೊಳ್ಳಿ. ಎರಡು ಅಂಕದಿಂದ ಯಾರ ತಲೆ ಹೋಗುತ್ತೆ?' ಬಾಯಲ್ಲಿ ಅಕ್ಕ, ಎದೆಯಲ್ಲಿ ನಾನೇ. ನನ್ನ ಬಡ್ತಿಯ ಪಟ್ಟಿ ಆ ತಿಂಗಳೇ ಹೊರಡಬೇಕಿತ್ತು.

'ಈ ಪೇಪರಿನವಳು ಮೂವತ್ಮೂರಕ್ಕೆ ಸಿಕ್ಕಿಬಿದ್ದಿದ್ದು ನನ್ನ ಕಣ್ಣಿಗೆ ಬಿತ್ತು. ಪುಣ್ಯ ಅವಳದು,' ಅಂದರು ಮಿಸ್. ಹೆಂಗಸೇ ಅಂತ ಅವರಿಗೆ ಹೇಗೆ ಗೊತ್ತಾಯಿತೋ. 'ನಾನು ಹತ್ತಕ್ಕೊಂದು ನೋಡ್ತೀನಿ. ಉಳಿದ ಒಂಬತ್ತು?'

ನಮೂನೆ ತರಿಸಿ ಅಲ್ಲೇ ಬರೆದರು. ಸರಿ ಉತ್ತರ, ಲೆಕ್ಕ, ಕಾರಣ, ಎಲ್ಲ ಅಚ್ಚುಕಟ್ಟಾಗಿ. ಕೊನೇ ಕಲಮ್ಮಿಗೆ ಬಂದಾಗ ಪೆನ್ನು ಒಂದು ಸಲ ನಿಂತಿತು. ನಾನು ಪಕ್ಕದಲ್ಲೇ ಇದ್ದೆ. 'ಮಿಸ್, ನನ್ನ ಹೆಸರೂ...' ಅಂದೆ. ಅಂದೆನೋ, ಅನ್ನಬೇಕು ಅಂದುಕೊಂಡೆನೋ, ನನಗೇ ಕೇಳಿಸದಷ್ಟು ಸಣ್ಣಗಿತ್ತು ಆ ದನಿ.

ಅವರು ತಲೆ ಎತ್ತಲಿಲ್ಲ. 'ಸಹಿ ಯಾರದು?' ಅಂದರು. ತಮ್ಮ ಹೆಸರೊಂದೇ ಬರೆದು, ಪಕ್ಕದಲ್ಲಿ 'ಓದದೆ ಸಹಿ ಮಾಡಿದ್ದೇನೆ' ಅಂತ ಸೇರಿಸಿದರು.

ನಾನು ಎರಡನೇ ಸಲ ಬಾಯಿ ತೆರೆಯಲಿಲ್ಲ.

ನಮೂನೆ ಕಳಿಸಿದ ಮೂರನೇ ದಿನಕ್ಕೆ ಮಂಡಳಿಯ ಆದೇಶ ಬಂತು. 'ಬೆಲೆಗಳು ಏರುತ್ತಲೇ ಇರುತ್ತವೆ, ಆದರೆ ನಿಧಾನವಾಗಿ' ಎಂಬುದೇ ಸರಿ ಉತ್ತರ. ಹಾಗೆ ಬರೆದವರಿಗೆ ಪೂರ್ಣ ಅಂಕ ಕೊಡಬೇಕು. ಹಳೇ ಮಾದರಿ ಉತ್ತರದ ಪ್ರಕಾರ ಈಗಾಗಲೇ ಕೊಟ್ಟ ಅಂಕವನ್ನ ಯಾರಿಂದಲೂ ಕಿತ್ತುಕೊಳ್ಳಬಾರದು. ಅರಗು ಹಾಕಿದ್ದ ಬಂಡಲ್ಲುಗಳನ್ನೆಲ್ಲ ಒಡೆಸಿದರು. ಸಾವಿರಾರು ಪೇಪರು, ಎಲ್ಲದರಲ್ಲೂ ಇಪ್ಪತ್ಮೂರನೇ ಪ್ರಶ್ನೆ ಹುಡುಕಬೇಕು. ಶಿಬಿರ ಎರಡು ದಿನ ಜಾಸ್ತಿಯಾಯಿತು. ಊರಿಗೆ ಟಿಕೆಟ್ ಮಾಡಿಸಿದ್ದವರು, ಮನೆಯಲ್ಲಿ ಕೂಸು ಬಿಟ್ಟು ಬಂದವರು, ಎಲ್ಲರೂ ಸೇರಿ ಮಿಸ್‌ಗೆ ಶಾಪ ಹಾಕಿದರು. 'ನಿವೃತ್ತಿ ಹೊತ್ತಿಗೆ ಈ ಯಮ್ಮನಿಗೆ ಹರಿಶ್ಚಂದ್ರನ ವೇಷ' ಅಂತ ಯಾರೋ ಅಂದರು. ಮಿಸ್ ಟೀ ತರಲು ಎದ್ದರೆ ಜನ ಮಾತು ನಿಲ್ಲಿಸೋರು. ಅವರು ಯಾರಿಗೂ ಎದುರಾಡಲಿಲ್ಲ. ತಪ್ಪು ನನ್ನದು ಅಂತ ನಾನೂ ಯಾರಿಗೂ ಹೇಳಲಿಲ್ಲ.

ನಮ್ಮ ಹಾಲಿನಲ್ಲಿ ಅರವತ್ತೊಂದು ಪೇಪರ್ ಸಿಕ್ಕವು. ಅದರಲ್ಲಿ ಏಳು, ಫೇಲಿನಿಂದ ಪಾಸಿಗೆ ಬಂದವು. ಸೋಪಿನ ಪುಡಿಯ ಪೇಪರಿನ ಸೊನ್ನೆಯನ್ನ ನಾನೇ ಹೊಡೆದು ಹಾಕಿ ಎರಡು ಅಂತ ಬರೆದೆ. ಪಕ್ಕದಲ್ಲಿ ಮಿಸ್ ಸಹಿ ಹಾಕಿದರು. ಮೂವತ್ತೈದು. ಅದು ಯಾರೋ, ಯಾವ ಊರೋ, ನಮಗೆ ಇವತ್ತಿಗೂ ಗೊತ್ತಿಲ್ಲ.

ಸಹಿ ಹಾಕುವ ಮೊದಲು ಮಿಸ್ ಆ ಉತ್ತರವನ್ನ ಇನ್ನೊಂದು ಸಲ ಓದಿ, 'ಏರುವ ಆತುರ' ಅಂತ ತಮ್ಮಷ್ಟಕ್ಕೇ ಅಂದುಕೊಂಡು, ಸಣ್ಣಗೆ ನಕ್ಕರು. ಆ ಆರು ದಿನದಲ್ಲಿ ಅವರು ನಕ್ಕಿದ್ದು ಅದೊಂದೇ.

ಮುಂದಿನ ವಾರ ಅವರಿಗೆ ಮೆಮೊ ಬಂತು. ಓದದೆ ಸಹಿ ಮಾಡಿದ್ದೇಕೆ, ವಿವರಣೆ ಕೊಡಿ. ಅವರು ಕೊಟ್ಟ ವಿವರಣೆ ಒಂದೇ ಸಾಲು: 'ಓದಬೇಕಿತ್ತು, ಓದಲಿಲ್ಲ.' ಅಕ್ಕ ಬಿದ್ದದ್ದನ್ನ ಬರೆಯಲಿಲ್ಲ. ಬರೆಯಿರಿ ಮಿಸ್ ಅಂತ ಬಡಕೊಂಡೆ. 'ಅದು ಕಾರಣ ಅಲ್ಲ ಕಣೇ, ನೆಪ' ಅಂದರು. ತಿಂಗಳ ಕೊನೇ ದಿನ ನಿವೃತ್ತರಾದರು. ಬೀಳ್ಕೊಡುಗೆ ಅಂತ ಹೆಡ್‌ಮಾಸ್ಟರು ಹತ್ತು ನಿಮಿಷದಲ್ಲಿ ಮುಗಿಸಿದರು, ವಿಚಾರಣೆ ಇರುವವರನ್ನ ಜಾಸ್ತಿ ಹೊಗಳಿದರೆ ಎಲ್ಲಿ ತಮ್ಮ ಬುಡಕ್ಕೆ ಬರುತ್ತೋ ಅಂತ. ಪಿಂಚಣಿ ತಡೆ ಹಿಡಿದರು.

ನನ್ನ ಬಡ್ತಿ ಬಂತು. ಮನೆಯಲ್ಲಿ ಸಿಹಿ ಹಂಚಿದರು. ನಮ್ಮೆಜಮಾನರು, 'ಯಾಕೆ ಮುಖ ಹೀಗಿದೆ?' ಅಂದರು. ಆ ಮೊದಲ ಪದ ಕೇಳಿದರೇ ಸಾಕು, ಎದೆ ಧಸಕ್ಕನ್ನುವ ಹಾಗಾಗಿತ್ತು ನನಗೆ.

ನಾಲ್ಕು ತಿಂಗಳು ಹೀಗೇ ಕಳೆಯಿತು. ಅಕ್ಕನನ್ನ ನೋಡಿಕೊಳ್ಳುವ ಹೆಂಗಸನ್ನ ಬಿಡಿಸಿದ್ದಾರೆ, ಮಿಸ್ಸೇ ಎತ್ತಿ ಇಳಿಸಿ ಎಲ್ಲ ಮಾಡುತ್ತಾರೆ ಅಂತ ಮೀಸೆ ಮೇಷ್ಟ್ರು ಹೇಳಿದರು. ಅರವತ್ತು ವರ್ಷ, ಮಂಡಿನೋವು ಬೇರೆ. ಆವತ್ತು ಊಟ ಸೇರಲಿಲ್ಲ. ಕೂತು ಮಂಡಳಿಗೆ ಕಾಗದ ಬರೆದೆ. ಇಪ್ಪತ್ಮೂರನೇ ಪ್ರಶ್ನೆಯ ತಪ್ಪು ಉತ್ತರ ಬರೆದವಳು ನಾನು, ನೋಡಿದ್ದೀನಿ ಅಂತ ಅವರಿಗೆ ಭರವಸೆ ಕೊಟ್ಟವಳೂ ನಾನು, ಶಿಕ್ಷೆ ನನಗಾಗಲಿ. ಮೂರು ಸಲ ಹರಿದು, ನಾಲ್ಕನೇ ಸಲ ಬರೆದದ್ದನ್ನ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದೆ.

ಒಂದೂವರೆ ತಿಂಗಳಿಗೆ ಉತ್ತರ ಬಂತು, ನಾಲ್ಕೇ ಸಾಲು. 'ಮಾದರಿ ಉತ್ತರಕ್ಕೆ ಸಹಿ ಮಾಡಿದವರೇ ಹೊಣೆಗಾರರು. ಸದರಿ ಕಡತದಲ್ಲಿ ತಮ್ಮ ಹೆಸರು ಎಲ್ಲಿಯೂ ಕಂಡುಬರುವುದಿಲ್ಲ. ಸಂಬಂಧಪಟ್ಟ ಶಿಕ್ಷಕಿಗೆ ಎಚ್ಚರಿಕೆ ನೀಡಿ, ಸೇವಾ ಪುಸ್ತಕದಲ್ಲಿ ನಮೂದಿಸಿ, ಪಿಂಚಣಿ ಬಿಡುಗಡೆಗೆ ಆದೇಶಿಸಲಾಗಿದೆ. ಕಡತವನ್ನು ಮುಕ್ತಾಯಗೊಳಿಸಿದೆ.'

ಆ ಕಾಗದ ಹಿಡಿದುಕೊಂಡು ಮಿಸ್ ಮನೆಗೆ ಹೋದೆ. ಭಾನುವಾರ ಬೆಳಿಗ್ಗೆ. ಮುಂದಿನ ಕೋಣೆಯಲ್ಲೇ ಅಕ್ಕನ ಮಂಚ. ಮಿಸ್ ಅಕ್ಕನ ಬಲಗೈಯ ಬೆರಳುಗಳನ್ನ ಒಂದೊಂದಾಗಿ ಬಿಡಿಸಿ ಮಡಚುತ್ತಿದ್ದರು. ಮಿಸ್ ಇಳಿದುಹೋಗಿದ್ದರು. ರವಿಕೆಯ ತೋಳು ಸಡಿಲವಾಗಿತ್ತು.

'ಬಾರೇ. ಏನು ಇಷ್ಟು ದೂರ?'

ಕಾಗದ ಕೊಟ್ಟೆ. ಕನ್ನಡಕ ಹುಡುಕಿ ಹಾಕಿಕೊಂಡರು. ಮೇಲಿನ ಮುದ್ರೆಯಿಂದ ಹಿಡಿದು ಕೆಳಗಿನ ಪ್ರತಿಗಳ ಪಟ್ಟಿಯ ತನಕ ಓದಿದರು. ತಿರುವಿ ಹಿಂಬದಿಯನ್ನೂ ನೋಡಿದರು. 'ಈಗ ಎಲ್ಲದನ್ನೂ ಪೂರ್ತಿ ಓದ್ತೀನಿ,' ಅಂದರು.

'ಮಿಸ್, ನಾನು...'

'ಪಿಂಚಣಿ ಆದೇಶ ಮೊನ್ನೆ ಬಂತು ಬಿಡು. ಎಚ್ಚರಿಕೆ ಅಂತ ಒಂದು ಸಾಲು ಬರೆದಿದ್ದಾರಂತೆ. ಮೂವತ್ನಾಲ್ಕು ವರ್ಷದಲ್ಲಿ ಒಂದು ಸಾಲು.' ಹಗುರಾಗಿ ಹೇಳೋಕೆ ನೋಡಿದರು. ಆಗಲಿಲ್ಲ. ಅಕ್ಕನ ಬೆರಳು ಬಿಟ್ಟು ಕಿಟಕಿಯ ಕಡೆ ನೋಡುತ್ತಾ ಕೂತರು.

ಕ್ಷಮಿಸಿ ಅಂತ ಕೇಳೋಕೆ ಹೋಗಿದ್ದವಳು ನಾನು. ಕೇಳದೆ ಆ ಕಾಗದವನ್ನ ಎತ್ತಿ ಮಡಚಿ ಚೀಲಕ್ಕೆ ಹಾಕಿಕೊಂಡೆ.

ಅವರೇ ಕೇಳಿದರು. 'ಈಗ ಯಾವ ಪಾಠ ನಡೀತಿದೆ?'

'ಬಜೆಟ್ಟು ಮಿಸ್. ನಾಳೆ ವಿತ್ತೀಯ ಕೊರತೆ.'

'ಹೇಗೆ ಹೇಳ್ತೀಯ? ಹೇಳು ನೋಡೋಣ.'

ನಾನು ಕ್ಲಾಸಿನಲ್ಲಿ ನಿಂತ ಹಾಗೇ ಒಪ್ಪಿಸಿದೆ. 'ಸರ್ಕಾರದ ಒಟ್ಟು ಖರ್ಚಿನಿಂದ ಒಟ್ಟು ಬಂದ ಹಣವನ್ನು ಕಳೆದರೆ ಬರುವುದೇ ವಿತ್ತೀಯ ಕೊರತೆ. ಬಂದ ಹಣಕ್ಕೆ ತೆರಿಗೆ, ಶುಲ್ಕ, ಲಾಭ ಇವನ್ನೆಲ್ಲ ಸೇರಿಸಬೇಕು. ಪಡೆದ ಸಾಲವನ್ನು ಮಾತ್ರ ಸೇರಿಸಬಾರದು.'

'ಯಾಕೆ?'

ಬಾಯಿ ತೆರೆದೆ. ಪುಸ್ತಕದಲ್ಲಿ ಹಾಗಿದೆ. ಗೈಡಿನಲ್ಲೂ ಹಾಗೇ ಇದೆ. ವರ್ಷ ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ, ಅಡಿಗೆರೆ ಎಳೆದಿದ್ದೇನೆ.

'ಗೊತ್ತಿಲ್ಲ ಮಿಸ್,' ಅಂದೆ.

ಅವರು ನನ್ನ ಮುಖ ನೋಡಿದರು. ಅಕ್ಕನ ಔಷಧಿ ಚೀಟಿಯ ಹಿಂಬದಿಗೆ ಪೆನ್ನು ಇಟ್ಟು ನನ್ನ ಕಡೆ ತಳ್ಳಿದರು. 'ಕೂತ್ಕೋ. ಬರಿ. ಖರ್ಚು ನೂರು. ತೆರಿಗೆ ಗಿರಿಗೆ ಸೇರಿ ಬಂದದ್ದು ಎಂಬತ್ತು. ಸಾಲ ತಂದದ್ದು ಇಪ್ಪತ್ತು. ಈಗ ಸಾಲಾನೂ ಬಂದ ಹಣ ಅಂತ ಸೇರಿಸು. ಕೊರತೆ ಎಷ್ಟು ಬಂತು?'

ಎಂಬತ್ತು, ಇಪ್ಪತ್ತು, ನೂರು. ನೂರರಲ್ಲಿ ನೂರು ಹೋದರೆ.

'ಸೊನ್ನೆ.'

'ಹಾಗಾದ್ರೆ ಕೊರತೆ ಇಲ್ವಾ?'

'ಇದೆ ಮಿಸ್.'

'ಎಲ್ಲಿದೆ?'

ಚೀಟಿಯ ಮೇಲಿನ ಆ ಸೊನ್ನೆಯನ್ನೇ ನೋಡುತ್ತಿದ್ದೆ. ಕಣ್ಣಿಗೆ ಏನೂ ಕಾಣದ ಹಾಗಾಯಿತು. ಆರು ತಿಂಗಳಿಂದ ತಡೆದಿದ್ದದ್ದು ಒಂದೇ ಸಲಕ್ಕೆ ಬಂತು. ಬಿಕ್ಕಿ ಬಿಕ್ಕಿ ಅತ್ತೆ. ಮಂಚದ ಮೇಲಿನ ಅಕ್ಕ ಗಾಬರಿಯಾಗಿ ಎಡಗೈ ಚಾಚಿದರು.

'ಅಳೋದು ಆಮೇಲೆ,' ಅಂದರು ಮಿಸ್. ಚೀಟಿಯ ಮೇಲೆ ಬೆರಳು ಇಟ್ಟರು. 'ಮೊದಲು ಹೇಳು. ಎಲ್ಲಿದೆ?'

'ಸಾಲ ತಂದು ಮುಚ್ಚಿದ್ದಾರೆ ಮಿಸ್. ಅದರ ಕೆಳಗಿದೆ.'

'ಹ್ಞಾಂ,' ಅಂದರು. 'ನಾಳೆ ಮಕ್ಕಳಿಗೆ ಇದನ್ನೇ ಹೇಳು.' ಆಮೇಲೆ ಮಂಡಿ ಹಿಡಿದುಕೊಂಡು ಮೆಲ್ಲಗೆ ಎದ್ದು, ಕಾಫಿಗೆ ಹಾಲು ಇಡೋಕೆ ಒಳಗೆ ಹೋದರು.